ಫೋನ್ ಬದಲಾದಾಗ ಕಳೆದುಹೋಗುವ ಎರಡನೇ ಹಂತದ ಕೋಡ್‌ಗಳು ಮತ್ತು ಖಾತೆ ಮರಳಿ ಪಡೆಯುವ ದಾರಿಗಳು

ಪಾಸ್‌ವರ್ಡ್ ಸರಿಯಾಗಿ ಕೊಟ್ಟ ಮೇಲೂ ಇನ್ನೊಂದು ಕೋಡ್ ಕೇಳುವ ಏರ್ಪಾಡಿಗೆ ಎರಡು ಹಂತದ ಪರಿಶೀಲನೆ ಎಂದು ಹೆಸರು. ಆ ಕೋಡ್ ಎಸ್ಎಂಎಸ್ ಆಗಿ ಬರಬಹುದು, ಇಲ್ಲವೇ ಫೋನಿನಲ್ಲಿರುವ ಅಥೆಂಟಿಕೇಟರ್ ಆ್ಯಪ್ ತಾನೇ ಅದನ್ನು ಲೆಕ್ಕ ಹಾಕಿ ತೋರಿಸಬಹುದು. ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಎರಡನೆಯ ಬಗೆಯಲ್ಲಿ. ಹೊಸ ಫೋನಿಗೆ ಫೋಟೊ, ಸಂಪರ್ಕ ಸಂಖ್ಯೆಗಳು, ವಾಟ್ಸಾಪ್ ಮಾತುಕತೆ ಎಲ್ಲವೂ ಬಂದಿರುತ್ತವೆ. ಹಳೆಯ ಫೋನನ್ನು ಅಳಿಸಿ ಅಂಗಡಿಗೆ ಕೊಟ್ಟಾಗಿರುತ್ತದೆ. ಕೆಲವು ದಿನ ಕಳೆದು ಯಾವುದೋ ಖಾತೆ ಕೋಡ್ ಕೇಳಿದಾಗ ಅಥೆಂಟಿಕೇಟರ್ ತೆರೆದರೆ ಅದು ಖಾಲಿ. ಬಳಕೆದಾರರು ಇದನ್ನು ‘ಕೋಡ್ ಕಳೆದುಹೋಯಿತು’ ಎನ್ನುತ್ತಾರೆ. ನಿಜವಾಗಿ ಕಳೆದಿರುವುದು ಕೋಡ್ ಅಲ್ಲ, ಕೋಡ್ ಹುಟ್ಟಿಸುವ ಗುಪ್ತ ಕೀಲಿ. ಈ ವ್ಯತ್ಯಾಸ ತಿಳಿದರೆ ಯಾವ ದಾರಿ ಇನ್ನೂ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕೀಲಿ ಇರುವುದು ಎಲ್ಲಿ

ಅಥೆಂಟಿಕೇಟರ್ ಆ್ಯಪ್‌ಗಳು ಬಳಸುವ ವಿಧಾನವನ್ನು ಟಿಒಟಿಪಿ ಎನ್ನುತ್ತಾರೆ. ಅದರ ನಿಯಮಗಳು 2011ರ ಮೇ ತಿಂಗಳಿನಲ್ಲಿ ಆರ್‌ಎಫ್‌ಸಿ 6238 ಎಂಬ ದಾಖಲೆಯಾಗಿ ಪ್ರಕಟವಾದವು. ಖಾತೆಯಲ್ಲಿ ಈ ಸೌಲಭ್ಯವನ್ನು ಮೊದಲ ಬಾರಿ ಚಾಲೂ ಮಾಡುವಾಗ ಜಾಲತಾಣ ಒಂದು ಕ್ಯೂಆರ್ ಚಿತ್ರ ತೋರಿಸುತ್ತದೆ. ಆ ಚಿತ್ರದೊಳಗೆ ಇರುವುದು ಒಂದೇ ಸಾಲಿನ ಪಠ್ಯ:

```
otpauth://totp/Example:user@example.com?secret=JBSWY3DPEHPK3PXP&issuer=Example
```

ಇದರಲ್ಲಿ `secret=` ಆದ ಮೇಲೆ ಬರುವ ಅಕ್ಷರಮಾಲೆಯೇ ಗುಪ್ತ ಕೀಲಿ. ಅದರ ಒಂದು ಪ್ರತಿ ಜಾಲತಾಣದ ಸರ್ವರ್‌ನಲ್ಲಿ ಉಳಿಯುತ್ತದೆ, ಇನ್ನೊಂದು ಪ್ರತಿ ಫೋನಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಇಬ್ಬರ ನಡುವೆ ಯಾವ ಮಾತುಕತೆಯೂ ಬೇಕಿಲ್ಲ. ಇಬ್ಬರೂ ಗಡಿಯಾರ ನೋಡಿ, 1970ರ ಜನವರಿ 1ರಿಂದ ಈವರೆಗೆ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಬಂದ ಪೂರ್ಣಸಂಖ್ಯೆಯನ್ನು ಕೀಲಿಯೊಂದಿಗೆ ಗಣಿತದ ಗಿರಣಿಗೆ ಹಾಕುತ್ತಾರೆ. ಉದಾಹರಣೆಗೆ 2023ರ ನವೆಂಬರ್ 15ರ ನಸುಕಿನಲ್ಲಿ, ಭಾರತದ ಸಮಯ 3 ಗಂಟೆ 43 ನಿಮಿಷ 20 ಸೆಕೆಂಡಿಗೆ ಆ ಲೆಕ್ಕ ಸರಿಯಾಗಿ 170,00,00,000 ಸೆಕೆಂಡು ಮುಟ್ಟಿತು. 30ರಿಂದ ಭಾಗಿಸಿದರೆ 5,66,66,666. ಆ ಅರ್ಧ ನಿಮಿಷದ ಮಟ್ಟಿಗೆ ಜಗತ್ತಿನ ಎಲ್ಲ ಅಥೆಂಟಿಕೇಟರ್‌ಗಳೂ ಬಳಸಿದ್ದು ಇದೇ ಸಂಖ್ಯೆಯನ್ನು. ಕೀಲಿ ಬೇರೆ ಬೇರೆಯಾದ್ದರಿಂದ ಹೊರಬಂದ ಆರು ಅಂಕಿಗಳು ಮಾತ್ರ ಬೇರೆ ಬೇರೆ.

ಇದರಿಂದ ಮೂರು ಸಂಗತಿಗಳು ಹೊರಡುತ್ತವೆ. ಕೋಡ್ ತಯಾರಾಗಲು ಇಂಟರ್‌ನೆಟ್ ಬೇಡ, ಸಿಮ್ ಬೇಡ. ಆದ್ದರಿಂದ ಮೂಲೆಯಲ್ಲಿ ಬಿದ್ದಿರುವ, ಸಿಮ್ ತೆಗೆದಿರುವ ಹಳೆಯ ಫೋನೂ ಚಾರ್ಜ್ ಮಾಡಿದರೆ ಸರಿಯಾದ ಕೋಡನ್ನೇ ಕೊಡುತ್ತದೆ. ಎರಡನೆಯದಾಗಿ, ಹಳೆಯ ಕೋಡ್ ಯಾವುದೋ ಸಂದೇಶದಲ್ಲಿ ಸಿಕ್ಕಿದರೂ ಅದರಿಂದ ಕೀಲಿಯನ್ನು ಹಿಂದಕ್ಕೆ ಲೆಕ್ಕ ಹಾಕಲಾಗದು. ಮೂರನೆಯದು ಎಲ್ಲಕ್ಕಿಂತ ನೋವಿನದು. ಕೀಲಿಯ ಪ್ರತಿ ಜಾಲತಾಣದ ಬಳಿ ಇದೆ, ಆದರೂ ಅವರು ಅದನ್ನು ಮತ್ತೆ ತೋರಿಸುವುದಿಲ್ಲ. ಪಾಸ್‌ವರ್ಡ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಕೀಲಿಯನ್ನು ತೋರಿಸಿಬಿಟ್ಟರೆ ಎರಡನೆಯ ಹಂತವೇ ಇಲ್ಲದಂತಾಗುತ್ತದೆ.

ಹೊಸ ಫೋನಿಗೆ ಏಕೆ ಬರುವುದಿಲ್ಲ

ಕೀಲಿ ಸುಲಭವಾಗಿ ನಕಲಾಗಬಾರದು ಎಂಬ ಉದ್ದೇಶದಿಂದಲೇ ಅನೇಕ ಅಥೆಂಟಿಕೇಟರ್‌ಗಳು ಫೋನಿನ ಸಾಮಾನ್ಯ ಬ್ಯಾಕಪ್‌ನಿಂದ ಹೊರಗಿರುತ್ತವೆ. ಆ್ಯಪ್ ಹೊಸ ಫೋನಿಗೆ ಬರುತ್ತದೆ, ಒಳಗಿನ ಕೀಲಿಗಳು ಬರುವುದಿಲ್ಲ. ಐಕಾನ್ ಕಂಡವರು ಎಲ್ಲ ಬಂದಿದೆ ಎಂದುಕೊಳ್ಳುತ್ತಾರೆ. ಬಹುಪಾಲು ಜನ ಸಿಕ್ಕಿಬೀಳುವುದು ಇಲ್ಲಿಯೇ.

ಗೂಗಲ್ ಅಥೆಂಟಿಕೇಟರ್‌ನಲ್ಲಿ 2020ರಿಂದ ಆಂಡ್ರಾಯ್ಡ್‌ನಲ್ಲಿ ಕೀಲಿಗಳನ್ನು ಕ್ಯೂಆರ್ ಮೂಲಕ ಇನ್ನೊಂದು ಫೋನಿಗೆ ದಾಟಿಸುವ `Transfer accounts` ಸೌಲಭ್ಯ ಬಂತು. 2023ರ ಏಪ್ರಿಲ್‌ನಲ್ಲಿ ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯವೂ ಸೇರಿತು. ಆದರೆ ಸಿಂಕ್ ನಡೆಯುವುದು ಆ್ಯಪ್‌ನೊಳಗೆ ಗೂಗಲ್ ಖಾತೆಯನ್ನು ಸೇರಿಸಿಕೊಂಡವರಿಗೆ ಮಾತ್ರ. ಖಾತೆಯಿಲ್ಲದೆ ಬಳಸುತ್ತೇನೆ ಎಂದು ಆರಿಸಿಕೊಂಡವರ ಕೀಲಿಗಳು ಇಂದಿಗೂ ಆ ಒಂದು ಫೋನಿನಲ್ಲೇ ಉಳಿಯುತ್ತವೆ. ಹೊಸ ಫೋನಿನಲ್ಲಿ ಖಾಲಿ ಪರದೆ ಕಂಡಾಗ ಮೊದಲು ನೋಡಬೇಕಾದದ್ದು ಆ್ಯಪ್‌ನ ಮೇಲ್ತುದಿಯಲ್ಲಿರುವ ಖಾತೆಯ ಗುರುತು. ಫೋನಿನಲ್ಲಿ ಎರಡು ಮೂರು ಜಿಮೇಲ್ ಖಾತೆಗಳಿರುವವರು ಹಳೆಯ ಫೋನಿನಲ್ಲಿ ಒಂದರೊಂದಿಗೆ ಸಿಂಕ್ ಮಾಡಿ, ಹೊಸದರಲ್ಲಿ ಇನ್ನೊಂದನ್ನು ಆರಿಸಿರುತ್ತಾರೆ. ಖಾತೆ ಬದಲಿಸಿದ ಕೂಡಲೇ ಎಲ್ಲ ಕೋಡ್‌ಗಳೂ ಬಂದು ನಿಲ್ಲುತ್ತವೆ.

ಮೈಕ್ರೊಸಾಫ್ಟ್ ಅಥೆಂಟಿಕೇಟರ್‌ಗೂ ಬ್ಯಾಕಪ್ ಇದೆ. ಅಲ್ಲಿನ ಕೊಕ್ಕೆ ಬೇರೆ: ಆಂಡ್ರಾಯ್ಡ್‌ನ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ, ಐಫೋನಿನದು ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲ. ಕಚೇರಿ ಅಥವಾ ಕಾಲೇಜಿನ ಖಾತೆಯಾಗಿದ್ದರೆ ಬ್ಯಾಕಪ್‌ನಿಂದ ಹೆಸರು ಮಾತ್ರ ಬಂದು ಪಟ್ಟಿಯಲ್ಲಿ ಕೂರುತ್ತದೆ. ಮತ್ತೆ ಲಾಗಿನ್ ಮಾಡುವವರೆಗೆ ಅದು ಕೆಲಸ ಮಾಡುವುದಿಲ್ಲ. ಆಥಿ ಎಂಬ ಆ್ಯಪ್‌ನಲ್ಲಿ ಬ್ಯಾಕಪ್‌ಗೆ ಬಳಕೆದಾರರೇ ಇಟ್ಟ ಪಾಸ್‌ವರ್ಡ್ ಇರುತ್ತದೆ. ಅದು ಮರೆತರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ಕಳೆಯದಿದ್ದರೂ ಕಳೆದಂತೆ ಕಾಣುವ ಒಂದು ಸಂದರ್ಭವನ್ನು ಬೇರೆಯಾಗಿ ಹೇಳಬೇಕು. ಆ್ಯಪ್ ಕೋಡ್ ತೋರಿಸುತ್ತದೆ, ಜಾಲತಾಣ ಮಾತ್ರ ತಪ್ಪು ಎನ್ನುತ್ತದೆ. ಹೊಸ ಫೋನಿನ ಗಡಿಯಾರವನ್ನು ಕೈಯಿಂದ ಹೊಂದಿಸಿದ್ದರೆ ಹೀಗಾಗಬಹುದು. ಜಾಲತಾಣಗಳು ಸಾಮಾನ್ಯವಾಗಿ ಹಿಂದಿನ ಅಥವಾ ಮುಂದಿನ ಒಂದು 30 ಸೆಕೆಂಡಿನಷ್ಟು ಮಾತ್ರ ರಿಯಾಯಿತಿ ಕೊಡುತ್ತವೆ. ಫೋನು ಎರಡು ನಿಮಿಷ ಹಿಂದಿದ್ದರೂ ಸಾಕು, ಎಲ್ಲ ಕೋಡ್‌ಗಳೂ ತಪ್ಪಾಗುತ್ತವೆ. ಎಲ್ಲ ಖಾತೆಗಳೂ ಒಟ್ಟಿಗೆ ತಿರಸ್ಕರಿಸಿದರೆ ಗಡಿಯಾರದ ಮೇಲೆ ಅನುಮಾನ ಪಡಬೇಕು. ಫೋನಿನ ಸಮಯವನ್ನು ತಾನಾಗಿ ಹೊಂದುವಂತೆ ಬದಲಿಸಿದರೆ ಸರಿಯಾಗುತ್ತದೆ. ಒಂದೇ ಖಾತೆ ತಿರಸ್ಕರಿಸಿದರೆ ಆ ಖಾತೆಯಲ್ಲಿ ಎರಡನೇ ಹಂತವನ್ನು ಯಾವಾಗಲೋ ಹೊಸದಾಗಿ ಹೊಂದಿಸಿ, ಪಟ್ಟಿಯಲ್ಲಿ ಹಳೆಯ ನಮೂದು ಉಳಿದಿರುವ ಸಾಧ್ಯತೆ ಹೆಚ್ಚು.

ಮೊದಲು ಹಳೆಯ ಫೋನು, ನಂತರ ತೆರೆದಿರುವ ಕಿಟಕಿ

ಹಳೆಯ ಫೋನು ಕೈಯಲ್ಲೇ ಇದ್ದು ಅಳಿಸದೇ ಇದ್ದರೆ ಬೇರೆ ಯಾವ ದಾರಿಯನ್ನೂ ಹುಡುಕಬೇಕಿಲ್ಲ. ಪರದೆ ಒಡೆದು ಸ್ಪರ್ಶಕ್ಕೆ ಸ್ಪಂದಿಸದ ಆಂಡ್ರಾಯ್ಡ್ ಫೋನಿಗೂ ಒಟಿಜಿ ಕೇಬಲ್ಲಿನಲ್ಲಿ ಸಾಮಾನ್ಯ ಯುಎಸ್‌ಬಿ ಮೌಸ್ ಸಿಕ್ಕಿಸಿದರೆ ಬಾಣದ ಗುರುತು ಬರುತ್ತದೆ. ಅದರಲ್ಲೇ ಲಾಕ್ ತೆಗೆದು ಆ್ಯಪ್ ತೆರೆಯಬಹುದು. ಪರದೆಯೇ ಕತ್ತಲಾಗಿದ್ದರೆ, ಒಂದು ಕೋಡ್ ಓದುವಷ್ಟು ಹೊತ್ತು ಬದುಕಲಿ ಎಂದು ಪರದೆ ಬದಲಿಸಿಕೊಳ್ಳುವುದೂ ಲಾಭವೇ. ಖಾತೆಯ ಬೆಲೆ ಪರದೆಯ ಬೆಲೆಗಿಂತ ದೊಡ್ಡದಾಗಿರುತ್ತದೆ.

ಅಂಗಡಿಗೆ ಕೊಟ್ಟು ಫ್ಯಾಕ್ಟರಿ ರೀಸೆಟ್ ಆಗಿದ್ದರೆ ಆ ಬಾಗಿಲು ಮುಚ್ಚಿತು. ಈಗಿನ ಫೋನುಗಳಲ್ಲಿ ದತ್ತಾಂಶವೆಲ್ಲ ಗೂಢಲಿಪಿಯಲ್ಲಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಅಳಿಸಿದ್ದನ್ನು ತೆಗೆದುಕೊಡುತ್ತೇವೆ ಎನ್ನುವ ರಿಪೇರಿ ಅಂಗಡಿಗೆ ಇಲ್ಲಿ ಹಣ ಕೊಟ್ಟು ಪ್ರಯೋಜನವಿಲ್ಲ.

ಇದಾದ ಮೇಲೆ ಬರುವುದು ಎಲ್ಲರೂ ಮರೆಯುವ ದಾರಿ. ಲ್ಯಾಪ್‌ಟಾಪಿನ ಬ್ರೌಸರಿನಲ್ಲೋ, ಮನೆಯ ಟ್ಯಾಬ್‌ನಲ್ಲೋ ಆ ಖಾತೆ ಇನ್ನೂ ಲಾಗಿನ್ ಆಗಿಯೇ ಇರಬಹುದು. ಅದನ್ನು ಲಾಗ್‌ಔಟ್ ಮಾಡಬಾರದು, ಕುಕೀಗಳನ್ನು ಅಳಿಸಬಾರದು, ಪಾಸ್‌ವರ್ಡ್ ಕೂಡ ಬದಲಿಸಬಾರದು. ಪಾಸ್‌ವರ್ಡ್ ಬದಲಿಸಿದರೆ ಅನೇಕ ಜಾಲತಾಣಗಳು ಉಳಿದ ಕಡೆಯೆಲ್ಲ ಲಾಗ್‌ಔಟ್ ಮಾಡಿಬಿಡುತ್ತವೆ. ಗಾಬರಿಯಲ್ಲಿ ಜನ ಮೊದಲು ಮಾಡುವ ಕೆಲಸವೇ ಇದು. ‘ಏನೋ ಕೆಟ್ಟಿದೆ, ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರೋಣ’ ಎಂದು ಉಳಿದಿದ್ದ ಒಂದೇ ಬಾಗಿಲನ್ನು ತಾವೇ ಎಳೆದುಕೊಳ್ಳುತ್ತಾರೆ. ಹಾಗೆ ಮಾಡದೆ, ತೆರೆದಿರುವ ಆ ಕಿಟಕಿಯಿಂದಲೇ ಭದ್ರತೆಯ ಪುಟಕ್ಕೆ ಹೋಗಿ ಬ್ಯಾಕಪ್ ಕೋಡ್‌ಗಳನ್ನು ಇಳಿಸಿಕೊಳ್ಳಬೇಕು, ಇಲ್ಲವೇ ಹೊಸ ಫೋನಿನ ಆ್ಯಪ್ ಸೇರಿಸಬೇಕು. ಕೆಲವು ತಾಣಗಳು ಈ ಹಂತದಲ್ಲಿ ಪಾಸ್‌ವರ್ಡ್ ಮಾತ್ರ ಕೇಳುತ್ತವೆ, ಕೆಲವು ಮತ್ತೆ ಕೋಡನ್ನೇ ಕೇಳುತ್ತವೆ. ಪ್ರಯತ್ನಿಸಿದರೆ ಮಾತ್ರ ಗೊತ್ತಾಗುವ ಸಂಗತಿ ಇದು.

ಬ್ಯಾಕಪ್ ಕೋಡ್

ಎರಡನೇ ಹಂತ ಚಾಲೂ ಮಾಡಿದ ದಿನವೇ ಬಹುತೇಕ ತಾಣಗಳು ಒಂದು ಪಟ್ಟಿ ಕೊಟ್ಟಿರುತ್ತವೆ. ಗೂಗಲ್ ಕೊಡುವುದು 8 ಅಂಕಿಗಳ 10 ಕೋಡ್‌ಗಳನ್ನು, ಗಿಟ್‌ಹಬ್ ಕೊಡುವುದು 16ನ್ನು. ಒಂದೊಂದನ್ನೂ ಒಂದೇ ಬಾರಿ ಬಳಸಬಹುದು. ಹೊಸ ಪಟ್ಟಿ ಪಡೆದರೆ ಹಳೆಯ ಪಟ್ಟಿ ಪೂರ್ತಿ ರದ್ದಾಗುತ್ತದೆ. ಡ್ರಾಯರಿನಲ್ಲಿ ಎರಡು ಮುದ್ರಿತ ಹಾಳೆ ಸಿಕ್ಕಿದರೆ ಇತ್ತೀಚಿನದನ್ನೇ ಆರಿಸಬೇಕು.

ಪಟ್ಟಿಯನ್ನು ಎಲ್ಲಿಟ್ಟೆವು ಎಂಬ ನೆನಪು ಬಹಳ ಜನಕ್ಕೆ ಇರುವುದಿಲ್ಲ, ಆದರೆ ಇಟ್ಟಿಲ್ಲ ಎಂದು ಬೇಗ ತೀರ್ಮಾನಿಸಬಾರದು. ‘ಇಳಿಸಿಕೊಳ್ಳಿ’ ಎಂದಾಗ ಒತ್ತಿದ್ದರೆ ಕಡತ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಗಿಟ್‌ಹಬ್‌ನದಾದರೆ ಅದರ ಹೆಸರು `github-recovery-codes.txt`. ಗೂಗಲ್‌ನದಾದರೆ ಹೆಸರಿನಲ್ಲಿ `backup-codes` ಎಂದು ಹುಡುಕಬಹುದು. ಹಳೆಯ ಲ್ಯಾಪ್‌ಟಾಪಿನಲ್ಲಿ, ಪೆನ್‌ಡ್ರೈವ್‌ನಲ್ಲಿ, ಡ್ರೈವ್‌ನಲ್ಲಿ, ತನಗೆ ತಾನೇ ಕಳಿಸಿಕೊಂಡ ಇಮೇಲಿನಲ್ಲಿ ಹುಡುಕಬೇಕು. ಫೋಟೊಗಳಲ್ಲಿಯೂ ನೋಡಬೇಕು, ಏಕೆಂದರೆ ಕೆಲವರು ಮೊದಲ ದಿನದ ಕ್ಯೂಆರ್ ಚಿತ್ರದ ಸ್ಕ್ರೀನ್‌ಶಾಟ್ ತೆಗೆದಿಟ್ಟಿರುತ್ತಾರೆ. ಆ ಚಿತ್ರಕ್ಕೆ ಅವಧಿ ಮುಗಿಯುವುದಿಲ್ಲ. ನಡುವೆ ಎರಡನೇ ಹಂತವನ್ನು ಮರುಹೊಂದಿಸದಿದ್ದರೆ, ಮೂರು ವರ್ಷದ ಹಿಂದಿನ ಸ್ಕ್ರೀನ್‌ಶಾಟನ್ನು ಹೊಸ ಫೋನಿನಲ್ಲಿ ಸ್ಕ್ಯಾನ್ ಮಾಡಿದರೂ ಸರಿಯಾದ ಕೋಡ್‌ಗಳು ಬರುತ್ತವೆ. ಅದೇ ಕಾರಣಕ್ಕೆ ಅಂಥ ಚಿತ್ರ ಗ್ಯಾಲರಿಯಲ್ಲಿ ಇರುವುದು ಅಪಾಯವೂ ಹೌದು. ಒಳಗೆ ಹೋದ ಮೇಲೆ ಕೀಲಿ ಬದಲಿಸಿ ಚಿತ್ರವನ್ನು ಅಳಿಸುವುದು ಲೇಸು.

ಒಂದು ಪ್ರಕರಣ: ಗಿಟ್‌ಹಬ್ ಖಾತೆ

ದಾರಿಗಳು ಒಂದರ ಹಿಂದೊಂದು ಹೇಗೆ ಬರುತ್ತವೆ ಎಂಬುದನ್ನು ನೋಡಲು ಗಿಟ್‌ಹಬ್ ಒಳ್ಳೆಯ ಉದಾಹರಣೆ. ತಂತ್ರಾಂಶ ಬರೆಯುವವರು ಕೋಡ್ ಇಡುವ ಈ ತಾಣ ಕೊಡುಗೆದಾರರಿಗೆಲ್ಲ ಎರಡು ಹಂತದ ಪರಿಶೀಲನೆಯನ್ನು 2023ರಲ್ಲಿ ಕಡ್ಡಾಯ ಮಾಡುತ್ತ ಬಂತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಇದನ್ನು ದಿನವೂ ಬಳಸುವವರು ಎಷ್ಟೋ ಜನ.

ಹುಬ್ಬಳ್ಳಿಯ ಒಬ್ಬ ತಂತ್ರಾಂಶ ಎಂಜಿನಿಯರ್ ಎಂದು ಇಟ್ಟುಕೊಳ್ಳೋಣ. ಶನಿವಾರ ಆಕೆ ಎಕ್ಸ್‌ಚೇಂಜ್‌ನಲ್ಲಿ ಹೊಸ ಫೋನ್ ತೆಗೆದುಕೊಂಡಳು, ಅಂಗಡಿಯವರ ಮುಂದೆಯೇ ಹಳೆಯದನ್ನು ರೀಸೆಟ್ ಮಾಡಿ ಕೊಟ್ಟಳು. ಸಿಮ್ ಅದೇ, ನಂಬರ್ ಅದೇ, ಜಿಮೇಲ್ ತೆರೆದಿದೆ. ಅಥೆಂಟಿಕೇಟರನ್ನು ಖಾತೆ ಸೇರಿಸದೆ ಬಳಸುತ್ತಿದ್ದಳಾದ್ದರಿಂದ ಅದು ಖಾಲಿ. ಸೋಮವಾರ ಲ್ಯಾಪ್‌ಟಾಪಿನಲ್ಲಿ ಗಿಟ್‌ಹಬ್ ಕೋಡ್ ಕೇಳಿತು.

ಬ್ರೌಸರಿನಲ್ಲಿ ಇನ್ನೂ ಲಾಗಿನ್ ಉಳಿದಿದ್ದರೆ ಆಕೆಯ ಕೆಲಸ ಐದು ನಿಮಿಷದ್ದು. ಗಿಟ್‌ಹಬ್ ಭದ್ರತೆಯ ಪುಟ ತೆರೆಯುವಾಗ ಗುರುತು ಖಚಿತಪಡಿಸಲು ಪಾಸ್‌ವರ್ಡನ್ನೂ ಒಪ್ಪಿಕೊಳ್ಳುತ್ತದೆ. ಅಲ್ಲಿ ಮರುಪಡೆಯುವ 16 ಕೋಡ್‌ಗಳು ಕಾಣುತ್ತವೆ. ಆದರೆ ಆ ಲಾಗಿನ್ ಅವಧಿ ಮುಗಿದಿತ್ತು. ಡೌನ್‌ಲೋಡ್ ಫೋಲ್ಡರಿನಲ್ಲೂ ಡ್ರೈವ್‌ನಲ್ಲೂ ಪಟ್ಟಿ ಸಿಗಲಿಲ್ಲ. ಎಸ್ಎಂಎಸ್ ಸೌಲಭ್ಯವನ್ನು ಆಕೆ ಎಂದೂ ಸೇರಿಸಿರಲಿಲ್ಲ.

ಈಗ ಉಳಿದದ್ದು ಖಾತೆ ಮರುಪಡೆಯುವ ಕೋರಿಕೆ. ಪಾಸ್‌ವರ್ಡ್ ಕೊಟ್ಟ ನಂತರ ಕೋಡ್ ಕೇಳುವ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಮೊದಲು ಗಿಟ್‌ಹಬ್ ಖಾತೆಯ ಇಮೇಲಿಗೆ ಒಂದು ಬಾರಿಯ ಕೋಡ್ ಕಳಿಸುತ್ತದೆ. ಇಮೇಲ್ ಮಾತ್ರ ಸಾಲದು, ಇನ್ನೊಂದು ಸಾಕ್ಷಿ ಬೇಕು. ಅದು ಈ ಮೂರರಲ್ಲಿ ಒಂದಾಗಬಹುದು: ಹಿಂದೆ ಇದೇ ಖಾತೆಗೆ ಲಾಗಿನ್ ಆಗಿದ್ದ ಬ್ರೌಸರ್, ಖಾತೆಗೆ ಸೇರಿಸಿದ್ದ ಎಸ್ಎಸ್ಎಚ್ ಕೀಲಿ, ಅಥವಾ ಹಿಂದೆ ತಯಾರಿಸಿದ್ದ ಪರ್ಸನಲ್ ಆಕ್ಸೆಸ್ ಟೋಕನ್. ಆಕೆಯ ಲ್ಯಾಪ್‌ಟಾಪಿನಲ್ಲಿ ಎಸ್ಎಸ್ಎಚ್ ಕೀಲಿ ಇತ್ತು, ದಿನವೂ ಅದರಿಂದಲೇ ಕೋಡ್ ಕಳಿಸುತ್ತಿದ್ದಳು. ಅದು ತನ್ನದೇ ಎಂದು ತೋರಿಸಲು ಟರ್ಮಿನಲ್‌ನಲ್ಲಿ ಈ ಆದೇಶ ಕೊಡಬೇಕು:

```
ssh -T git@github.com verify
```

ಅದು ಕೊಡುವ ಉದ್ದನೆಯ ಸಾಲನ್ನು ಕೋರಿಕೆಯ ಪುಟದಲ್ಲಿ ಅಂಟಿಸಿದರೆ ಕೋರಿಕೆ ಸಲ್ಲಿಕೆಯಾಗುತ್ತದೆ. ಅದನ್ನು ಗಿಟ್‌ಹಬ್‌ನ ಸಿಬ್ಬಂದಿ ಪರಿಶೀಲಿಸುತ್ತಾರೆ. ಉತ್ತರ ಬರಲು ಮೂರು ಕೆಲಸದ ದಿನಗಳವರೆಗೆ ಹಿಡಿಯಬಹುದು. ಒಪ್ಪಿದರೆ ಇಮೇಲಿಗೆ ಒಂದು ಕೊಂಡಿ ಬರುತ್ತದೆ, ಅದರ ಮೂಲಕ ಹಳೆಯ ಎರಡನೇ ಹಂತವನ್ನು ತೆಗೆದು ಹೊಸದನ್ನು ಹಾಕಿಕೊಳ್ಳಬಹುದು.

ಕಾಯುವ ಆ ದಿನಗಳಲ್ಲಿ ಆಕೆ ಕೈಕಟ್ಟಿ ಕೂರಬೇಕಿಲ್ಲ. ಜಾಲತಾಣದ ಬಾಗಿಲು ಮುಚ್ಚಿದ್ದರೂ ಎಸ್ಎಸ್ಎಚ್ ಕೀಲಿಯಿಂದ `git pull`, `git push` ಎಂದಿನಂತೆ ನಡೆಯುತ್ತವೆ. ಕೋರಿಕೆ ತಿರಸ್ಕೃತವಾಗಬಹುದು ಎಂಬ ಎಚ್ಚರದಿಂದ ತನ್ನ ಎಲ್ಲ ಖಾಸಗಿ ರೆಪೊಸಿಟರಿಗಳನ್ನು ಅದೇ ಕೀಲಿಯಿಂದ ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಳ್ಳುವುದು ಜಾಣತನ. ಖಾತೆ ಹೋದರೂ ಕೆಲಸ ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಆಕೆಯನ್ನು ಕಾಪಾಡಿದ್ದು ಭದ್ರತೆಗೆಂದು ತೆಗೆದಿಟ್ಟ ಯಾವುದೂ ಅಲ್ಲ. ಬೇರೆ ಕೆಲಸಕ್ಕೆಂದು ಮಾಡಿಟ್ಟ ಕೀಲಿ. ಫೋನಿನ ಜೊತೆಗೆ ಲ್ಯಾಪ್‌ಟಾಪನ್ನೂ ಅದೇ ವಾರ ಬದಲಿಸಿ ಅಳಿಸಿದ್ದರೆ ಬ್ರೌಸರ್ ಗುರುತೂ ಕೀಲಿಯೂ ಒಟ್ಟಿಗೆ ಹೋಗುತ್ತಿದ್ದವು. ಎರಡೂ ಸಾಧನಗಳನ್ನು ಒಂದೇ ಸಲ ಬದಲಿಸುವುದು ಈ ವಿಷಯದಲ್ಲಿ ಅತ್ಯಂತ ಅಪಾಯದ ಕೆಲಸ.

ಗೂಗಲ್ ಖಾತೆ ಮತ್ತು ಸುತ್ತುಬಳಸಿನ ಬಲೆ

ಗೂಗಲ್ ಖಾತೆಯ ವಿಷಯಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಉಳಿದ ಖಾತೆಗಳನ್ನು ಮರಳಿ ಪಡೆಯುವ ಇಮೇಲ್ ಹೋಗುವುದು ಅಲ್ಲಿಗೇ. ಬಲೆ ಬೀಳುವುದು ಹೀಗೆ: ಅಥೆಂಟಿಕೇಟರ್‌ನ ಕೀಲಿಗಳು ಗೂಗಲ್ ಖಾತೆಯಲ್ಲಿ ಸಿಂಕ್ ಆಗಿವೆ, ಆದರೆ ಗೂಗಲ್ ಖಾತೆಗೆ ಲಾಗಿನ್ ಆಗಲು ಅಥೆಂಟಿಕೇಟರ್‌ನ ಕೋಡೇ ಬೇಕು. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಮೇಲ್ ಪಾಸ್‌ವರ್ಡ್ ಇದೆ, ಅದನ್ನು ತೆರೆಯಲು ಇಮೇಲಿಗೆ ಬರುವ ಕೋಡ್ ಬೇಕು. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ಈ ಉಂಗುರವನ್ನು ಎಲ್ಲಾದರೂ ಒಂದು ಕಡೆ ಮುರಿಯುವ ಹೊರಗಿನ ವಸ್ತು ಬೇಕು: ಕಾಗದದ ಮೇಲಿನ ಬ್ಯಾಕಪ್ ಕೋಡ್, ಈಗಾಗಲೇ ಲಾಗಿನ್ ಆಗಿರುವ ಇನ್ನೊಂದು ಸಾಧನ, ಅಥವಾ ಫೋನ್ ನಂಬರ್.

ಕೋಡ್ ಕೇಳುವ ಪುಟದಲ್ಲಿ `Try another way` ಎಂದು ಒತ್ತಿದರೆ ಗೂಗಲ್ ತನಗೆ ಗೊತ್ತಿರುವ ಎಲ್ಲ ದಾರಿಗಳನ್ನೂ ತೋರಿಸುತ್ತದೆ. ಅದೇ ಖಾತೆ ಇರುವ ಟ್ಯಾಬ್ ಮನೆಯಲ್ಲಿದ್ದರೆ ಅದರ ಪರದೆಯ ಮೇಲೆ ‘ನೀವೇನಾ?’ ಎಂಬ ಪ್ರಶ್ನೆ ಬರುತ್ತದೆ, ಹೌದು ಎಂದರೆ ಮುಗಿಯಿತು. ಯಾವುದೂ ಇಲ್ಲದಿದ್ದರೆ `g.co/recover` ವಿಳಾಸದಿಂದ ಖಾತೆ ಮರುಪಡೆಯುವ ಪ್ರಶ್ನೆಗಳಿಗೆ ಹೋಗಬೇಕು. ಅಲ್ಲಿ ತೀರ್ಮಾನ ಮಾಡುವುದು ಉತ್ತರಗಳಷ್ಟೇ ಅಲ್ಲ, ಉತ್ತರ ಕೊಡುವ ಜಾಗವೂ ಹೌದು. ಯಾವಾಗಲೂ ಬಳಸುವ ಕಂಪ್ಯೂಟರ್, ಅದೇ ಬ್ರೌಸರ್, ಮನೆಯ ಅಥವಾ ಕಚೇರಿಯ ಅದೇ ವೈಫೈ ಇದ್ದರೆ ಗೂಗಲ್‌ನ ನಂಬಿಕೆ ಹೆಚ್ಚುತ್ತದೆ. ಊರಿಗೆ ಹೋದಾಗ ನೆಂಟರ ಫೋನಿನಿಂದ ಹತ್ತು ಬಾರಿ ಪ್ರಯತ್ನಿಸುವುದಕ್ಕಿಂತ ಮನೆಗೆ ಮರಳಿ ಒಮ್ಮೆ ಪ್ರಯತ್ನಿಸುವುದು ಮೇಲು. ಹಳೆಯ ಪಾಸ್‌ವರ್ಡ್ ಕೇಳಿದರೆ ನೆನಪಿರುವುದರಲ್ಲಿ ಇತ್ತೀಚಿನದನ್ನು ಕೊಡಬೇಕು, ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಾರದು. ಕೆಲವೊಮ್ಮೆ ಕೆಲವು ದಿನ ಕಾಯಲು ಹೇಳುತ್ತದೆ. ಆಗ ಮತ್ತೆ ಮತ್ತೆ ಹೊಸ ಕೋರಿಕೆ ಹಾಕದೆ ಕಾಯುವುದೇ ಸರಿ.

ಬೇರೆಯವರು ಖಾತೆಗೆ ನುಗ್ಗಿ ಮರುಪಡೆಯುವ ನಂಬರನ್ನೇ ಬದಲಿಸಿದ್ದರೆ ಒಂದು ಸಣ್ಣ ಅವಕಾಶ ಉಳಿದಿರುತ್ತದೆ. ಬದಲಾದ ದಿನದಿಂದ 7 ದಿನಗಳವರೆಗೆ ಗೂಗಲ್ ಹಳೆಯ ನಂಬರ್ ಅಥವಾ ಹಳೆಯ ಇಮೇಲಿಗೂ ಕೋಡ್ ಕಳಿಸುವ ಆಯ್ಕೆ ಕೊಡಬಹುದು. ಎಂಟನೆಯ ದಿನ ಅದು ಇರುವುದಿಲ್ಲ.

ಖಾತೆ ಕಂಪನಿ, ಕಾಲೇಜಿನದಾದರೆ ಈ ಯಾವ ಸಂಕಟವೂ ಬೇಡ. ಆಡಳಿತ ನೋಡಿಕೊಳ್ಳುವ ಐಟಿ ವಿಭಾಗದವರು ಗೂಗಲ್‌ನ ನಿರ್ವಹಣಾ ಪುಟದಿಂದ ನೌಕರರಿಗಾಗಿ ಹೊಸ ಬ್ಯಾಕಪ್ ಕೋಡ್ ತೆಗೆದುಕೊಡಬಲ್ಲರು. ಮೈಕ್ರೊಸಾಫ್ಟ್‌ನಲ್ಲಿ ಸ್ವಲ್ಪ ಹೊತ್ತು ಮಾತ್ರ ನಡೆಯುವ ತಾತ್ಕಾಲಿಕ ಪಾಸ್ ಕೊಡಬಲ್ಲರು.

ಎಸ್ಎಂಎಸ್ ದಾರಿ ಹಿಡಿದಾಗ

ಎಸ್ಎಂಎಸ್ ಕೋಡಿಗೆ ಗುಪ್ತ ಕೀಲಿ ಇಲ್ಲ, ಅದು ನಂಬರಿಗೆ ಅಂಟಿಕೊಂಡಿರುತ್ತದೆ. ಸಿಮ್ ಹೊಸ ಫೋನಿಗೆ ಹಾಕಿದರೆ ಕೋಡ್ ಅಲ್ಲಿಗೇ ಬರುತ್ತದೆ. ಫೋನ್ ಸಿಮ್ ಸಮೇತ ಕಳೆದಿದ್ದರೆ ಅದೇ ನಂಬರಿನ ಬದಲಿ ಸಿಮ್ ತೆಗೆದುಕೊಳ್ಳಬೇಕು. ಇಲ್ಲಿ ಭಾರತದ ಬಳಕೆದಾರರು ತಿಳಿದಿರಲೇಬೇಕಾದ ಒಂದು ನಿಯಮವಿದೆ. ಸಿಮ್ ಬದಲಿಸಿ ವಂಚಿಸುವುದನ್ನು ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ, ಬದಲಿ ಸಿಮ್ ಚಾಲೂ ಆದ ಮೊದಲ 24 ಗಂಟೆ ಎಸ್ಎಂಎಸ್ ಬರುವುದನ್ನೂ ಹೋಗುವುದನ್ನೂ ತಡೆಹಿಡಿಯಬೇಕೆಂದು ಕಂಪನಿಗಳಿಗೆ ಸೂಚಿಸಿತು. ಕರೆ ಬರುತ್ತದೆ, ಒಟಿಪಿ ಬರುವುದಿಲ್ಲ. ಸಿಮ್ ಕೆಟ್ಟಿದೆ ಎಂದು ಮತ್ತೆ ಅಂಗಡಿಗೆ ಓಡಿ ಇನ್ನೊಂದು ಸಿಮ್ ಪಡೆದರೆ 24 ಗಂಟೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆ ಒಂದು ದಿನ ಪದೇ ಪದೇ ಒಟಿಪಿ ಕೇಳಿದರೆ ತಾಣವೂ ತಾತ್ಕಾಲಿಕವಾಗಿ ತಡೆ ಹಾಕುತ್ತದೆ. ಮರುದಿನದವರೆಗೆ ಸುಮ್ಮನಿರುವುದೇ ಇಲ್ಲಿ ಕೆಲಸ.

ಹೊರದೇಶಕ್ಕೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಈ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಊರಿನ ನಂಬರಿಗೆ ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ರದ್ದಾಗುತ್ತದೆ, ಆಮೇಲೆ ಬೇರೊಬ್ಬರಿಗೆ ಹಂಚಿಕೆಯಾಗುತ್ತದೆ. ಅಲ್ಲಿಂದ ಮುಂದೆ ಒಟಿಪಿ ಹೋಗುವುದು ಆ ಅಪರಿಚಿತರಿಗೆ. ಅಂಥ ಖಾತೆಯನ್ನು ಎಸ್ಎಂಎಸ್ ಮೂಲಕ ಮರಳಿ ಪಡೆಯಲಾಗದು.

ವಾಟ್ಸಾಪ್‌ನಲ್ಲಿ ಎರಡನೇ ಹಂತವೆಂದರೆ ಬಳಕೆದಾರರೇ ಇಟ್ಟ 6 ಅಂಕಿಯ ಪಿನ್. ಹೊಸ ಫೋನಿನಲ್ಲಿ ಅದು ನೆನಪಾಗದೆ, ಇಮೇಲ್ ಕೂಡ ಸೇರಿಸಿಲ್ಲದಿದ್ದರೆ 7 ದಿನ ಕಾದ ಮೇಲೆ ಪಿನ್ ಮರುಹೊಂದಿಸಬಹುದು.

ಸಹಾಯದ ಹೆಸರಿನಲ್ಲಿ ಬರುವವರು

ಖಾತೆ ಕಳೆದುಕೊಂಡವರು ಗಾಬರಿಯಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕುತ್ತಾರೆ. ಸಿಗುವ ನಂಬರುಗಳಲ್ಲಿ ಎಷ್ಟೋ ವಂಚಕರವು. ಅವರ ಮಾತಿನ ಕ್ರಮ ಸಾಮಾನ್ಯವಾಗಿ ಒಂದೇ: ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ‘ಪರಿಶೀಲನೆಗೆ’ ಎಂದು ಒಟಿಪಿ ಕೇಳುತ್ತಾರೆ, ಸಣ್ಣದೊಂದು ಶುಲ್ಕ ಕಟ್ಟಲು ಹೇಳುತ್ತಾರೆ. ಸಾಮಾಜಿಕ ಜಾಲತಾಣಗಳಲ್ಲಿ ‘ನನ್ನ ಖಾತೆಯನ್ನು ಇವರು ವಾಪಸ್ ಕೊಡಿಸಿದರು’ ಎಂದು ಬರೆಯುವವರೂ ಅದೇ ಜಾಲದವರಾಗಿರಬಹುದು. ಮೇಲೆ ಹೇಳಿದ ಲೆಕ್ಕ ನೆನಪಿದ್ದರೆ ಇದು ಸುಳ್ಳೆಂದು ತಿಳಿಯುತ್ತದೆ: ಕೀಲಿ ಇರುವುದು ಫೋನಿನಲ್ಲಿ ಮತ್ತು ತಾಣದ ಸರ್ವರ್‌ನಲ್ಲಿ, ಮೂರನೆಯವರ ಬಳಿ ತೆಗೆದುಕೊಡಲು ಏನೂ ಇಲ್ಲ. ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು, `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ.

ಫೋನ್ ಬದಲಿಸುವ ಮುನ್ನ

ಹೊಸ ಫೋನಿನಲ್ಲಿ ಅಥೆಂಟಿಕೇಟರ್ ತೆರೆದು, ಹಳೆಯದರ `Transfer accounts` ಮೂಲಕ ಕೀಲಿಗಳನ್ನು ದಾಟಿಸಿದ ಮೇಲೆ ಎರಡೂ ಫೋನುಗಳನ್ನು ಪಕ್ಕಪಕ್ಕ ಹಿಡಿದು ನೋಡಬೇಕು. ಅದೇ ಖಾತೆಗೆ ಅದೇ ಹೊತ್ತಿನಲ್ಲಿ ಎರಡರಲ್ಲೂ ಅದೇ ಆರು ಅಂಕಿ ಕಾಣಬೇಕು. ಕಂಡರೆ ಕೀಲಿ ಸರಿಯಾಗಿ ದಾಟಿದೆ. ಈ ಹೋಲಿಕೆಗಿಂತ ಖಚಿತವಾದ ಪರೀಕ್ಷೆ ಬೇರೆ ಇಲ್ಲ, ಇದಕ್ಕೆ ಒಂದು ನಿಮಿಷ ಸಾಕು. ದಾಟಿಸದೆ ಉಳಿದ ಆ್ಯಪ್‌ಗಳಿದ್ದರೆ ಒಂದೊಂದೇ ಖಾತೆಗೆ ಹಳೆಯ ಫೋನಿನ ಕೋಡಿನಿಂದ ಹೋಗಿ ಹೊಸ ಫೋನನ್ನು ಸೇರಿಸಬೇಕು. ಎಕ್ಸ್‌ಚೇಂಜ್ ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಮಾಡಲಾಗದು. ಹಳೆಯ ಫೋನನ್ನು ಎರಡು ವಾರ ಮನೆಯಲ್ಲಿಟ್ಟುಕೊಳ್ಳಲು ಸಾಧ್ಯವಾದರೆ, ಅಪರೂಪಕ್ಕೆ ತೆರೆಯುವ ಖಾತೆಗಳೂ ಆ ಅವಧಿಯಲ್ಲಿ ನೆನಪಾಗುತ್ತವೆ.

ಎಲ್ಲ ದಾರಿ ಮುಚ್ಚಿದಾಗ

ಗಿಟ್‌ಹಬ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮರುಪಡೆಯುವ ಯಾವ ವಿಧಾನವೂ ಇಲ್ಲದಿದ್ದರೆ ಖಾತೆ ಶಾಶ್ವತವಾಗಿ ಹೋದಂತೆ. ಗುರುತಿನ ಚೀಟಿ ತೋರಿಸಿದರೂ ಬಿಡುವುದಿಲ್ಲ, ಏಕೆಂದರೆ ಖಾತೆ ತೆರೆದಾಗ ಯಾರೂ ಗುರುತಿನ ಚೀಟಿ ಕೊಟ್ಟಿರಲಿಲ್ಲ. ಹೋಲಿಸಿ ನೋಡಲು ಅವರ ಬಳಿ ಏನೂ ಇಲ್ಲ. ಬ್ಯಾಂಕಿನ ಶಾಖೆಗೆ ಪಾಸ್‌ಬುಕ್, ಆಧಾರ್ ಹಿಡಿದುಕೊಂಡು ಹೋದರೆ ಕೆಲಸ ಆಗುವುದು ಅಲ್ಲಿ ನಮ್ಮ ದಾಖಲೆ ಮೊದಲೇ ಇರುವುದರಿಂದ.

ಆ ಸ್ಥಿತಿಯಲ್ಲೂ ಮಾಡಬಹುದಾದ ಒಂದೆರಡು ಕೆಲಸಗಳಿವೆ. ಬೀಗ ಬಿದ್ದ ಖಾತೆಯಿಂದ ಇಮೇಲ್ ವಿಳಾಸವನ್ನು ಬಿಡಿಸಿಕೊಳ್ಳಲು ಗಿಟ್‌ಹಬ್ ಅವಕಾಶ ಕೊಡುತ್ತದೆ. ಹಾಗೆ ಬಿಡಿಸಿದ ವಿಳಾಸವನ್ನು ಹೊಸ ಖಾತೆಗೆ ಜೋಡಿಸಿದರೆ, ಆ ಇಮೇಲಿನಿಂದ ಹಿಂದೆ ಮಾಡಿದ್ದ ಕಮಿಟ್‌ಗಳು ಹೊಸ ಖಾತೆಯ ಹೆಸರಿನಲ್ಲಿ ಕಾಣತೊಡಗುತ್ತವೆ. ತಂಡದ ರೆಪೊಸಿಟರಿಗಳಿದ್ದರೆ ಇನ್ನೊಬ್ಬ ಮಾಲೀಕರಿಗೆ ತಿಳಿಸಿ, ಹಳೆಯ ಖಾತೆಯ ಅಧಿಕಾರ ತೆಗೆಸಿ, ಹೊಸ ಖಾತೆಯನ್ನು ಸೇರಿಸಿಕೊಳ್ಳಬೇಕು. ಮಾಲೀಕರು ಒಬ್ಬರೇ ಆಗಿದ್ದ ರೆಪೊಸಿಟರಿಯಾದರೆ, ಇಳಿಸಿಟ್ಟುಕೊಂಡ ಪ್ರತಿಯಿಂದ ಹೊಸ ಹೆಸರಿನಲ್ಲಿ ಮತ್ತೆ ತೆರೆದು, ಬಳಸುವವರಿಗೆ ಹೊಸ ವಿಳಾಸ ತಿಳಿಸಬೇಕು.